ಮೊತ್ತ ಸರಿಯಿದ್ದರೂ ಸಾಲು ತಪ್ಪಬಹುದು

1983ರ ಜೂನ್ 18ರಂದು ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್‌ನ ನೆವಿಲ್ ಮೈದಾನದಲ್ಲಿ ಕಪಿಲ್ ದೇವ್ ಜಿಂಬಾಬ್ವೆ ವಿರುದ್ಧ ಔಟಾಗದೆ 175 ರನ್ ಹೊಡೆದರು. ಆ ಪಂದ್ಯದ ವಿಡಿಯೊ ಇಲ್ಲ. ನಮಗೆ ಉಳಿದಿರುವುದು ಒಂದಷ್ಟು ಫೋಟೊ, ಆಡಿದವರ ನೆನಪು ಮತ್ತು ಸ್ಕೋರ್ ಕಾರ್ಡ್. ಭಾರತ 17 ರನ್ನಿಗೆ 5 ವಿಕೆಟ್ ಕಳೆದುಕೊಂಡಿತ್ತು ಎಂದೋ, ಅಲ್ಲಿಂದ ರೋಜರ್ ಬಿನ್ನಿ, ಮದನ್ ಲಾಲ್, ಸೈಯದ್ ಕಿರ್ಮಾನಿ ಒಬ್ಬೊಬ್ಬರಾಗಿ ನಾಯಕನ ಜೊತೆ ನಿಂತರು ಎಂದೋ ನಾವು ಇಂದು ಹೇಳುವುದಕ್ಕೆ ಆಧಾರ ಆ ಕಾರ್ಡಿನ ಸಾಲುಗಳೇ. ಬಿನ್ನಿ, ಕಿರ್ಮಾನಿ ಇಬ್ಬರೂ ಕರ್ನಾಟಕದವರು. ಅವರ ಸಾಲಿನ ಅಂಕಿ ಪಕ್ಕದವರ ಹೆಸರಿಗೆ ಹೋದರೆ ಅದನ್ನು ಸರಿಪಡಿಸಲು ವಿಡಿಯೊ ಹಾಕಿ ನೋಡುವ ಅವಕಾಶವೂ ಇಲ್ಲ.

ಹಳೆಯ ಪತ್ರಿಕೆಯ ಕತ್ತರಿಕೆ, ಟಿ.ವಿ. ಪರದೆ, ಕ್ಲಬ್‌ನ ಸ್ಕೋರ್ ಪುಸ್ತಕ, ಮೈದಾನದ ದೊಡ್ಡ ಫಲಕ ಇವುಗಳನ್ನು ಫೋಟೊ ತೆಗೆದು, ಆಮೇಲೆ ಕೂತು ಬರೆದುಕೊಳ್ಳುವ ಅಭ್ಯಾಸ ಬಹಳ ಜನಕ್ಕಿದೆ. ಒಬ್ಬ ಬ್ಯಾಟರ್‌ಗೆ ಒಂದು ಸಾಲು. ಅದರಲ್ಲಿ ಹೆಸರು, ರನ್, ಎಸೆತ, ಔಟಾದ ಬಗೆ. ನೋಡಲು ಬಹಳ ಸರಳ. ಆದರೆ ಇಲ್ಲಿ ಆಗುವ ತಪ್ಪುಗಳಲ್ಲಿ ಅಂಕಿಯನ್ನೇ ತಪ್ಪಾಗಿ ಓದುವುದಕ್ಕಿಂತ ಸರಿಯಾಗಿ ಓದಿದ ಅಂಕಿಯನ್ನು ಮೇಲಿನ ಅಥವಾ ಕೆಳಗಿನ ಸಾಲಿಗೆ ಬರೆಯುವುದು ಹೆಚ್ಚು ಅಪಾಯಕಾರಿ. 9 ಎಂಬುದನ್ನು 8 ಎಂದು ಬರೆದರೆ ಕೂಡಿ ನೋಡಿದಾಗ ಸಿಕ್ಕಿಬೀಳುತ್ತದೆ. ಸಾಲು ತಪ್ಪಿದರೆ ಮೊತ್ತ ಹಾಗೆಯೇ ಇರುತ್ತದೆ. ಹಾಗಾಗಿ ತಪ್ಪು ಯಾರ ಕಣ್ಣಿಗೂ ಬೀಳದೆ ಉಳಿದುಬಿಡುತ್ತದೆ.

ಸಾಲು ಜಾರುವುದು ಹೇಗೆ

ಮೊದಲ ಕಾರಣ ಫೋಟೊದ ಓರೆ. ಪತ್ರಿಕೆಯಲ್ಲಿ ಅಚ್ಚಾದ ಕಾರ್ಡ್ 12 ಸೆಂಟಿಮೀಟರ್ ಅಗಲ ಇದೆ, ಒಂದು ಸಾಲಿಗೂ ಇನ್ನೊಂದಕ್ಕೂ 4 ಮಿಲಿಮೀಟರ್ ಅಂತರ ಇದೆ ಎಂದುಕೊಳ್ಳೋಣ. ಫೋನನ್ನು ಕೇವಲ 2 ಡಿಗ್ರಿ ಓರೆಯಾಗಿ ಹಿಡಿದರೆ ಸಾಕು, ಎಡತುದಿಯ ಹೆಸರಿನಿಂದ ನೇರವಾಗಿ ಬಲಕ್ಕೆ ನೋಡಿದಾಗ ಸಿಗುವುದು ಪಕ್ಕದ ಸಾಲಿನ ಅಂಕಿ. ಓರೆ ಒಂದೇ ಡಿಗ್ರಿ ಇದ್ದರೆ ಕಣ್ಣು ಎರಡು ಸಾಲಿನ ನಡುವೆ ಹೋಗಿ ನಿಲ್ಲುತ್ತದೆ. ಅಲ್ಲಿ ನಾವು ಓದುವುದನ್ನು ಬಿಟ್ಟು ಊಹಿಸಲು ಶುರು ಮಾಡುತ್ತೇವೆ. ದಪ್ಪ ಪುಸ್ತಕದ ಬೆನ್ನಿನ ಹತ್ತಿರ ಹಾಳೆ ಬಾಗಿರುವ ಕಡೆ ಸಾಲೂ ಬಾಗುತ್ತದೆ. ಅದು ಇನ್ನೂ ಮೋಸದ್ದು, ಏಕೆಂದರೆ ಕಾರ್ಡಿನ ಅರ್ಧ ನೇರವಾಗಿದ್ದು ಇನ್ನರ್ಧ ಮಾತ್ರ ಇಳಿದಿರುತ್ತದೆ.

ಎರಡನೆಯದು ಖಾಲಿ ಜಾಗ. ಕೆಲವು ಕಾರ್ಡ್‌ಗಳಲ್ಲಿ ಔಟಾಗದೆ ಉಳಿದವರ ಮುಂದೆ ಏನೂ ಬರೆದಿರುವುದಿಲ್ಲ, ರನ್ ಪಕ್ಕದಲ್ಲಿ ಒಂದು ನಕ್ಷತ್ರ ಮಾತ್ರ ಇರುತ್ತದೆ. ಮೇಲಿನಿಂದ ಕೆಳಕ್ಕೆ ಒಂದೊಂದೇ ಕಾಲಂ ಬರೆದುಕೊಂಡು ಹೋಗುವವರು ಆ ಖಾಲಿ ಜಾಗವನ್ನು ಗಮನಿಸದೆ ದಾಟಿದರೆ, ಅದರ ಕೆಳಗಿನದೆಲ್ಲ ಒಂದೊಂದು ಮೆಟ್ಟಿಲು ಮೇಲೇರಿಬಿಡುತ್ತದೆ. ಇದರ ತಿರುಗುಮುರುಗೂ ಉಂಟು. ಔಟಾದ ಬಗೆಯ ವಿವರ ಉದ್ದವಾಗಿದ್ದರೆ, ಉದಾಹರಣೆಗೆ ಬದಲಿ ಆಟಗಾರ ಕ್ಯಾಚ್ ಹಿಡಿದಾಗ, ಅದು ಎರಡು ಸಾಲಿಗೆ ಮುರಿದು ಬರುತ್ತದೆ. ಆಗ ಹನ್ನೊಂದು ಬ್ಯಾಟರ್‌ಗಳಿಗೆ ಹನ್ನೆರಡು ಸಾಲು ಕಾಣಿಸಿ, ಕೆಳಗಿನದೆಲ್ಲ ಒಂದು ಮೆಟ್ಟಿಲು ಇಳಿಯುತ್ತದೆ.

ಮೂರನೆಯದು ನಕ್ಷತ್ರ ಚಿಹ್ನೆ. ಹೆಸರಿನ ಪಕ್ಕದಲ್ಲಿದ್ದರೆ ಅದು ನಾಯಕನ ಗುರುತು, ರನ್ನಿನ ಪಕ್ಕದಲ್ಲಿದ್ದರೆ ಔಟಾಗದವರ ಗುರುತು. ಕಪಿಲ್ ದೇವ್ ಆ ದಿನ ಎರಡೂ ಆಗಿದ್ದರು. ಮಸುಕಾದ ಫೋಟೊದಲ್ಲಿ ನಾಯಕನ ನಕ್ಷತ್ರವನ್ನು ಔಟಾಗದವರ ನಕ್ಷತ್ರ ಎಂದು ಓದಿದರೆ ಆ ಸಾಲಿನ ಔಟಾದ ಬಗೆ ಯಾರದೆಂಬ ಗೊಂದಲ ಶುರುವಾಗುತ್ತದೆ.

ಬರೆಯುವ ಕ್ರಮ

ಫೋಟೊ ತೆಗೆಯುವಾಗಲೇ ಕಾರ್ಡಿನ ತಲೆಬರಹದಿಂದ ಹಿಡಿದು ಅಡಿಯಲ್ಲಿರುವ ಇತರೆ ರನ್, ಒಟ್ಟು ಮೊತ್ತ, ವಿಕೆಟ್ ಪತನ, ಬೌಲಿಂಗ್ ವಿವರ ಎಲ್ಲ ಬರುವಂತೆ ತೆಗೆಯಬೇಕು. ಬ್ಯಾಟರ್‌ಗಳ ಪಟ್ಟಿ ಮಾತ್ರ ಸಾಕೆಂದು ಅಡಿಯನ್ನು ಕತ್ತರಿಸಿದರೆ, ಮುಂದೆ ತಾಳೆ ನೋಡಲು ಬೇಕಾದ ಸಾಕ್ಷಿಯನ್ನೇ ಕತ್ತರಿಸಿದಂತೆ. ಆಮೇಲೆ ಫೋನಿನ ಫೋಟೊ ಎಡಿಟರ್‌ನಲ್ಲಿ ತಲೆಬರಹದ ಕೆಳಗಿನ ಗೆರೆ ಮಲಗಿದಂತೆ ನೇರವಾಗುವವರೆಗೆ ಚಿತ್ರವನ್ನು ತಿರುಗಿಸಬೇಕು.

ಬರೆಯುವ ಮುಂಚೆ ಎಣಿಸಬೇಕು. ಎಡಗಡೆ ಎಷ್ಟು ಹೆಸರು, ರನ್ ಕಾಲಂನಲ್ಲಿ ಎಷ್ಟು ಅಂಕಿ, ಎಸೆತದ ಕಾಲಂನಲ್ಲಿ ಎಷ್ಟು. ಮೂರೂ ಒಂದೇ ಆಗಿರದಿದ್ದರೆ ಎಲ್ಲಿ ಖಾಲಿ ಇದೆ, ಎಲ್ಲಿ ಸಾಲು ಮುರಿದಿದೆ ಎಂಬುದನ್ನು ಹುಡುಕಿ ಗುರುತು ಹಾಕಿಕೊಂಡ ಮೇಲೆಯೇ ಬರವಣಿಗೆ. ನಂತರ ಓದುವುದು ಅಡ್ಡಕ್ಕೆ, ಒಬ್ಬರ ಸಾಲು ಪೂರ್ತಿ ಮುಗಿದ ಮೇಲೆ ಇನ್ನೊಬ್ಬರದು. ಅಚ್ಚಾದ ಪ್ರತಿ ಕೈಯಲ್ಲಿದ್ದರೆ ಓದುವ ಸಾಲಿನ ಕೆಳಗೆ ಸ್ಕೇಲ್ ಇಡಿ. ಪರದೆಯಲ್ಲಾದರೆ ಒಂದು ಕಾಗದದ ಅಂಚು ಸಾಕು. ಎಲ್ಲ ಮುಗಿದ ಮೇಲೆ ಕೊನೆಯ ಬ್ಯಾಟರ್‌ನಿಂದ ಮೇಲಕ್ಕೆ ಇನ್ನೊಮ್ಮೆ ಓದಿ. ಮೇಲಿನಿಂದ ಓದುವಾಗ ಖಾಲಿ ಜಾಗದ ನಂತರ ಜಾರಿದ ಕಣ್ಣು, ಕೆಳಗಿನಿಂದ ಬಂದಾಗ ಅದೇ ಜಾಗದಲ್ಲಿ ತಡೆಯುತ್ತದೆ.

ಹೀಗೆ ಬರೆದಾಗ ಟನ್‌ಬ್ರಿಜ್ ವೆಲ್ಸ್‌ನ ಭಾರತದ ಇನಿಂಗ್ಸ್ ಈ ರೂಪಕ್ಕೆ ಬರುತ್ತದೆ. ನಮ್ಮ ಪತ್ರಿಕೆಗಳ ರೂಢಿಯಂತೆ ‘ಸಿ’ ಎಂದರೆ ಕ್ಯಾಚ್, ‘ಬಿ’ ಎಂದರೆ ಬೌಲರ್.

```
ಗಾವಸ್ಕರ್ | 0 | 2 | ಎಲ್‌ಬಿಡಬ್ಲ್ಯು ಬಿ ರಾಸನ್
ಶ್ರೀಕಾಂತ್ | 0 | 13 | ಸಿ ಬುಚಾರ್ಟ್ ಬಿ ಕರನ್
ಅಮರನಾಥ್ | 5 | 20 | ಸಿ ಹೌಟನ್ ಬಿ ರಾಸನ್
ಸಂದೀಪ್ ಪಾಟೀಲ್ | 1 | 10 | ಸಿ ಹೌಟನ್ ಬಿ ಕರನ್
ಯಶ್‌ಪಾಲ್ ಶರ್ಮಾ | 9 | 28 | ಸಿ ಹೌಟನ್ ಬಿ ರಾಸನ್
ಕಪಿಲ್ ದೇವ್ | 175 | 138 | ಔಟಾಗದೆ
ಬಿನ್ನಿ | 22 | 48 | ಎಲ್‌ಬಿಡಬ್ಲ್ಯು ಬಿ ಟ್ರೈಕೋಸ್
ರವಿ ಶಾಸ್ತ್ರಿ | 1 | 6 | ಸಿ ಪೈಕ್ರಾಫ್ಟ್ ಬಿ ಫ್ಲೆಚರ್
ಮದನ್ ಲಾಲ್ | 17 | 39 | ಸಿ ಹೌಟನ್ ಬಿ ಕರನ್
ಕಿರ್ಮಾನಿ | 24 | 56 | ಔಟಾಗದೆ
ಸಂಧು | - | - | ಬ್ಯಾಟ್ ಮಾಡಲಿಲ್ಲ
```

ಕೊನೆಯ ಸಾಲನ್ನು ಗಮನಿಸಿ. ಬಲ್ವಿಂದರ್ ಸಂಧು ಬ್ಯಾಟಿಂಗ್‌ಗೆ ಬರಲೇ ಇಲ್ಲ. ಅವರ ಮುಂದೆ ಸೊನ್ನೆ ಬರೆದರೆ ಆಡದವರನ್ನು ಸೊನ್ನೆಗೆ ಔಟಾದ ಗಾವಸ್ಕರ್, ಶ್ರೀಕಾಂತ್ ಸಾಲಿಗೆ ಸೇರಿಸಿದಂತಾಗುತ್ತದೆ. ಖಾಲಿ ಇದ್ದದ್ದು ಖಾಲಿ ಎಂದೇ ಉಳಿಯಬೇಕು.

ಕೂಡಿ ನೋಡುವುದು

ಎಲ್ಲರೂ ಮಾಡುವ ಮೊದಲ ಪರೀಕ್ಷೆ ಕೂಡುವುದು. ಹತ್ತು ಬ್ಯಾಟರ್‌ಗಳ ರನ್ ಸೇರಿದರೆ 254. ಅದಕ್ಕೆ ಇತರೆ 12 ಸೇರಿಸಿದರೆ 266. ಕಾರ್ಡಿನಲ್ಲಿರುವ ಮೊತ್ತವೂ 8 ವಿಕೆಟ್‌ಗೆ 266.

ಎಸೆತಗಳನ್ನೂ ಹೀಗೆಯೇ ಕೂಡಬಹುದು. ಆಗ ವಿಶ್ವಕಪ್ ಪಂದ್ಯಗಳು 60 ಓವರ್‌ಗಳದ್ದಾಗಿದ್ದವು. ಭಾರತ ಪೂರ್ತಿ 60 ಓವರ್ ಆಡಿತು, ಎಂದರೆ 360 ಎಸೆತ. ಮೇಲಿನ ಎಸೆತದ ಕಾಲಂ ಕೂಡಿದರೆ ಸರಿಯಾಗಿ 360 ಬರುತ್ತದೆ. ಇಲ್ಲಿ ಒಂದು ನಿಯಮ ತಿಳಿದಿರಬೇಕು. ವೈಡ್ ಬ್ಯಾಟರ್ ಎದುರಿಸಿದ ಎಸೆತಗಳ ಲೆಕ್ಕಕ್ಕೆ ಬರುವುದಿಲ್ಲ. ನೋಬಾಲ್ ಬರುತ್ತದೆ, ಆದರೆ ಓವರ್‌ನ ಆರು ಎಸೆತಗಳಲ್ಲಿ ಸೇರುವುದಿಲ್ಲ. ಹಾಗಾಗಿ ನೋಬಾಲ್ ಇದ್ದ ಇನಿಂಗ್ಸ್‌ನಲ್ಲಿ ಬ್ಯಾಟರ್‌ಗಳ ಎಸೆತದ ಮೊತ್ತ ಓವರ್ ಲೆಕ್ಕಕ್ಕಿಂತ ಅಷ್ಟು ಹೆಚ್ಚಿರಬೇಕು. ಟನ್‌ಬ್ರಿಜ್ ವೆಲ್ಸ್‌ನ 12 ಇತರೆ ರನ್ನುಗಳಲ್ಲಿ ನೋಬಾಲ್ ಇಲ್ಲದ್ದರಿಂದ ಲೆಕ್ಕ ಸರಿಸಮ ಕೂತಿದೆ.

ಔಟಾದ ಬಗೆಗೂ ಇಂಥದೇ ಪರೀಕ್ಷೆ ಇದೆ. ಬೌಲಿಂಗ್ ವಿವರದಲ್ಲಿ ರಾಸನ್‌ಗೆ 3, ಕರನ್‌ಗೆ 3, ಟ್ರೈಕೋಸ್ ಮತ್ತು ಫ್ಲೆಚರ್‌ಗೆ ತಲಾ 1 ವಿಕೆಟ್ ಇವೆ. ನಾವು ಬರೆದ ಸಾಲುಗಳಲ್ಲೂ ಅಷ್ಟೇ ಸಲ ಆ ಹೆಸರುಗಳು ಬಂದಿವೆ.

ಮೂರೂ ತಾಳೆಯಾದ ಮೇಲೆ ಹೆಚ್ಚಿನವರು ಪೆನ್ನು ಕೆಳಗಿಡುತ್ತಾರೆ. ಅಲ್ಲೇ ಎಡವುವುದು. ಬಿನ್ನಿಯ 22 (48) ಶಾಸ್ತ್ರಿಗೆ ಹೋಗಿ, ಶಾಸ್ತ್ರಿಯ 1 (6) ಬಿನ್ನಿಗೆ ಬಂದಿದ್ದರೂ ರನ್ ಕೂಡಿದರೆ 254, ಎಸೆತ ಕೂಡಿದರೆ 360. ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಕೂಡಿದರೂ ಮೊತ್ತ ಬದಲಾಗುವುದಿಲ್ಲ. ಕೂಡುವ ಪರೀಕ್ಷೆ ಅಂಕಿಗಳನ್ನು ಕಾಯುತ್ತದೆಯೇ ಹೊರತು ಅವು ಯಾರ ಸಾಲಿನಲ್ಲಿವೆ ಎಂಬುದನ್ನು ಕಾಯುವುದಿಲ್ಲ. ಸಾಲನ್ನು ಕಾಯಲು ಕ್ರಮ ಗೊತ್ತಿರುವ ಸಾಕ್ಷಿ ಬೇಕು.

ವಿಕೆಟ್ ಪತನ ಎಂಬ ಸಾಕ್ಷಿ

ಆ ಸಾಕ್ಷಿ ಕಾರ್ಡಿನ ಅಡಿಯಲ್ಲಿ, ಬಹಳ ಜನ ಫೋಟೊದಿಂದ ಕತ್ತರಿಸಿಹಾಕುವ ಒಂದು ಸಾಲಿನಲ್ಲಿದೆ. ಭಾರತದ ವಿಕೆಟ್ ಪತನ ಹೀಗಿತ್ತು: 1–0, 2–6, 3–6, 4–9, 5–17, 6–77, 7–78, 8–140. ಎಷ್ಟನೇ ವಿಕೆಟ್ ತಂಡದ ಯಾವ ಮೊತ್ತಕ್ಕೆ ಬಿತ್ತು ಎಂಬುದಷ್ಟೇ ಇದು. ಆದರೆ ಇದರಲ್ಲಿ ಕಾಲದ ಕ್ರಮ ಇದೆ. ಯಾರು ಬಂದಾಗ ಎಷ್ಟಿತ್ತು, ಹೋದಾಗ ಎಷ್ಟಿತ್ತು ಎಂಬುದು ತಿಳಿಯುತ್ತದೆ. ಒಬ್ಬ ಬ್ಯಾಟರ್ ತಾನು ಕ್ರೀಸ್‌ನಲ್ಲಿದ್ದಾಗ ತಂಡಕ್ಕೆ ಬಂದ ರನ್ನಿಗಿಂತ ಹೆಚ್ಚು ಹೊಡೆದಿರಲು ಸಾಧ್ಯವೇ ಇಲ್ಲ. ಈ ಒಂದೇ ಸೂತ್ರ ಸಾಲು ಜಾರಿದ ಬಹಳಷ್ಟು ತಪ್ಪುಗಳನ್ನು ಹಿಡಿಯುತ್ತದೆ.

ಬಿನ್ನಿ ಮತ್ತು ಶಾಸ್ತ್ರಿ ಸಾಲು ಅದಲುಬದಲಾದ ಪ್ರಸಂಗವನ್ನೇ ನೋಡೋಣ. ಆರನೇ ವಿಕೆಟ್ ಆಗಿ ಬಿನ್ನಿ ಹೋದಾಗ ಮೊತ್ತ 77. ಆಗ ಬಂದ ಶಾಸ್ತ್ರಿ ಏಳನೇ ವಿಕೆಟ್ ಆಗಿ ಹೋದಾಗ ಮೊತ್ತ 78. ಶಾಸ್ತ್ರಿ ಕ್ರೀಸ್‌ನಲ್ಲಿದ್ದಷ್ಟು ಹೊತ್ತು ತಂಡಕ್ಕೆ ಬಂದದ್ದು ಒಂದೇ ಒಂದು ರನ್. ಅವರ ಮುಂದೆ 22 ಎಂದು ಬರೆದಿದ್ದರೆ ಅದು ಆಗದ ಮಾತು, ಆ ಅಂಕಿ ಪಕ್ಕದ ಸಾಲಿನಿಂದ ಬಂದದ್ದು. ಬಿನ್ನಿಯ 22ಕ್ಕೆ ಅವರ ಸಾಲಿನಲ್ಲೇ ಜಾಗ ಇದೆ. ಅವರು ಬಂದಾಗ 17, ಹೋದಾಗ 77, ನಡುವೆ ಕಪಿಲ್ ಜೊತೆ 60 ರನ್ನುಗಳ ಜೊತೆಯಾಟ. ಐದಕ್ಕೆ 17 ಎಂಬಲ್ಲಿಂದ ಇನಿಂಗ್ಸ್‌ನ್ನು ಮೊದಲು ನಿಲ್ಲಿಸಿದ ಆ ಜೊತೆಯಾಟದಲ್ಲಿ ಬಿನ್ನಿ 48 ಎಸೆತ ತಡೆದು ನಿಂತಿದ್ದರು. ಒಂದು ಸಾಲು ಜಾರಿದರೆ ಅವರು ಆರು ಎಸೆತಕ್ಕೆ ಒಂದು ರನ್ ಮಾಡಿ ಹೋದವರಾಗುತ್ತಾರೆ. ನನಗೆ ಇದು ಅಂಕಿಯ ತಪ್ಪಿಗಿಂತ ದೊಡ್ಡದೆನಿಸುತ್ತದೆ, ಏಕೆಂದರೆ ಒಬ್ಬರ ದುಡಿಮೆ ಇನ್ನೊಬ್ಬರ ಖಾತೆಗೆ ಹೋಗುತ್ತದೆ.

ಇನ್ನೊಂದು ಪ್ರಸಂಗ ಇದಕ್ಕಿಂತ ಸೂಕ್ಷ್ಮವಾದದ್ದು. ಔಟಾಗದವರ ಮುಂದೆ ಖಾಲಿ ಬಿಟ್ಟ ಕಾರ್ಡಿನ ಫೋಟೊ ಇದೆ ಎಂದುಕೊಳ್ಳಿ. ಔಟಾದ ಬಗೆಯ ಕಾಲಂನಲ್ಲಿ ಎಂಟು ವಿವರಗಳಿವೆ, ಆದರೆ ಆರನೆಯ ಜಾಗ, ಕಪಿಲ್ ಅವರದು, ಖಾಲಿ. ಬರೆಯುವವರು ಅದನ್ನು ಗಮನಿಸದೆ ಎಂಟು ವಿವರಗಳನ್ನು ಮೊದಲ ಎಂಟು ಹೆಸರುಗಳಿಗೆ ಒಂದರ ಹಿಂದೊಂದು ಹಚ್ಚುತ್ತಾರೆ. ಈಗ ಕಪಿಲ್ ಟ್ರೈಕೋಸ್‌ಗೆ ಎಲ್‌ಬಿಡಬ್ಲ್ಯು, ಬಿನ್ನಿ ಫ್ಲೆಚರ್ ಬೌಲಿಂಗ್‌ನಲ್ಲಿ ಪೈಕ್ರಾಫ್ಟ್‌ಗೆ ಕ್ಯಾಚ್, ಶಾಸ್ತ್ರಿ ಕರನ್‌ಗೆ ವಿಕೆಟ್. ಮದನ್ ಲಾಲ್ ಮತ್ತು ಕಿರ್ಮಾನಿ ಔಟಾಗದವರು. ಬಿದ್ದ ವಿಕೆಟ್ ಎಂಟೇ, ಬೌಲರ್‌ಗಳ ಲೆಕ್ಕ 3, 3, 1, 1 ಅಷ್ಟೇ. ಕೂಡುವ ಪರೀಕ್ಷೆ ಮೂರೂ ಪಾಸು!

ಈಗ ವಿಕೆಟ್ ಪತನದ ಕೊನೆಯ ಅಂಕಿ ನೋಡಿ. ಎಂಟನೇ ವಿಕೆಟ್ ಬಿದ್ದದ್ದು 140ಕ್ಕೆ, ಇನಿಂಗ್ಸ್ ಮುಗಿದದ್ದು 266ಕ್ಕೆ. ನಡುವಿನ 126 ರನ್ ಕೊನೆಗೆ ಔಟಾಗದೆ ಉಳಿದ ಇಬ್ಬರು ಮತ್ತು ಇತರೆ ರನ್ನಿನಿಂದಲೇ ಬಂದಿರಬೇಕು. ಮದನ್ ಲಾಲ್ 17, ಕಿರ್ಮಾನಿ 24, ಸೇರಿ 41. ಇಡೀ ಇನಿಂಗ್ಸ್‌ನ 12 ಇತರೆ ರನ್ ಅಷ್ಟನ್ನೂ ಸೇರಿಸಿದರೂ 53. ಇದರಿಂದ 126 ಬರಲಾರದು. ಕಪಿಲ್ ಮತ್ತು ಕಿರ್ಮಾನಿ ಎಂದಿಟ್ಟುಕೊಂಡರೆ ಮಾತ್ರ ಲೆಕ್ಕ ಕೂಡುತ್ತದೆ. ಆ ಮುರಿಯದ 126, ಏಕದಿನ ಪಂದ್ಯಗಳ ಒಂಬತ್ತನೇ ವಿಕೆಟ್ ಜೊತೆಯಾಟದ ವಿಶ್ವದಾಖಲೆಯಾಗಿ 2010ರವರೆಗೆ ಉಳಿದಿತ್ತು. ಸಾಲು ಜಾರಿದ ಬರಹದಲ್ಲಿ ಈ ದಾಖಲೆಯೇ ಮಾಯವಾಗುತ್ತಿತ್ತು.

ಎಸೆತದ ಕಾಲಂ ಬಡಪಾಯಿ

ನಾಲ್ಕು ಕಾಲಂಗಳಲ್ಲಿ ರನ್ನಿಗೆ ಕಾವಲು ಹೆಚ್ಚು, ಎಸೆತಕ್ಕೆ ತೀರ ಕಡಿಮೆ. ಎಸೆತದ ಕಾಲಂ ಮಾತ್ರ ಒಂದು ಸಾಲು ಜಾರಿದರೆ ವಿಕೆಟ್ ಪತನದ ಮೊತ್ತಗಳಿಂದ ಏನೂ ತಿಳಿಯುವುದಿಲ್ಲ.

ಈಗಿನ ಪರದೆಯ ಕಾರ್ಡ್‌ಗಳಲ್ಲಿ ಇದಕ್ಕೊಂದು ದಾರಿ ಇದೆ, ಸ್ಟ್ರೈಕ್‌ರೇಟ್. ರನ್ನನ್ನು ಎಸೆತದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಬರುವ ಅಂಕಿ ಅದು. ಕಪಿಲ್ ಸಾಲಿನಲ್ಲಿ 175, 138 ಇದ್ದರೆ 126.81 ಇರಬೇಕು. ಬಿನ್ನಿ ಸಾಲಿನಲ್ಲಿ 22, 48 ಇದ್ದರೆ 45.83. ಒಂದೇ ಸಾಲಿನೊಳಗೆ ರನ್ನನ್ನೂ ಎಸೆತವನ್ನೂ ಕಟ್ಟಿಹಾಕುವುದರಿಂದ ಎಸೆತ ಪಕ್ಕಕ್ಕೆ ಜಾರಿದ ಕೂಡಲೇ ಸ್ಟ್ರೈಕ್‌ರೇಟ್ ಹೊಂದುವುದಿಲ್ಲ. ಫೋಟೊದಲ್ಲಿ ಈ ಕಾಲಂ ಇದ್ದರೆ, ನಿಮ್ಮ ನಾಲ್ಕು ಕಾಲಂಗಳಲ್ಲಿ ಅದು ಬೇಡವಾದರೂ, ತಾಳೆ ನೋಡಲು ಬಳಸಿಕೊಳ್ಳಿ. ಬೌಂಡರಿ ಕಾಲಂನಿಂದಲೂ ಸಹಾಯ ಸಿಗುತ್ತದೆ. ಕಪಿಲ್ 16 ಬೌಂಡರಿ, 6 ಸಿಕ್ಸರ್ ಹೊಡೆದಿದ್ದರು. ಅವುಗಳಿಂದಲೇ ಸರಿಯಾಗಿ 100 ರನ್. ಆ 16 ಎಂಬುದು ಮೇಲಿನ ಯಶ್‌ಪಾಲ್ ಸಾಲಿಗೆ ಹೋದರೆ 9 ರನ್ ಮಾಡಿದವರಿಗೆ 64 ರನ್ನಿನ ಬೌಂಡರಿ ಆಗುತ್ತದೆ, ನೋಡಿದ ಕೂಡಲೇ ತಪ್ಪು ಎಂದು ಗೊತ್ತಾಗುತ್ತದೆ.

ಆದರೂ ಯಾವ ಲೆಕ್ಕಕ್ಕೂ ಸಿಗದ ಜಾಗ ಒಂದಿದೆ, ಅದು ಈ ಕಾರ್ಡಿನ ಮೊದಲ ಎರಡು ಸಾಲಿನಲ್ಲೇ ಇದೆ. ಗಾವಸ್ಕರ್ 0 (2), ಶ್ರೀಕಾಂತ್ 0 (13). ಇವರ ಎಸೆತ ಅದಲುಬದಲಾದರೆ ರನ್ ಮೊತ್ತ ಸರಿ, ಎಸೆತದ ಮೊತ್ತ ಸರಿ. ಸೊನ್ನೆಯನ್ನು ಯಾವುದರಿಂದ ಭಾಗಿಸಿದರೂ ಸೊನ್ನೆಯೇ ಆದ್ದರಿಂದ ಸ್ಟ್ರೈಕ್‌ರೇಟೂ ಮಾತಾಡುವುದಿಲ್ಲ. ಔಟಾದ ಬಗೆಯೂ ಎಸೆತದ ಬಗ್ಗೆ ಏನೂ ಹೇಳುವುದಿಲ್ಲ. ಇತ್ತೀಚಿನ ಕಾರ್ಡ್‌ಗಳಲ್ಲಿ ವಿಕೆಟ್ ಬಿದ್ದ ಓವರ್ ಕೂಡ ಕೊಡುತ್ತಾರೆ. ಮೊದಲ ಓವರ್‌ನಲ್ಲೇ ಔಟಾದವರು 13 ಎಸೆತ ಆಡಿರಲಾರರು ಎಂದು ಅದರಿಂದ ಹೇಳಬಹುದು. ಓವರ್ ವಿವರ ಇಲ್ಲದ ಹಳೆಯ ಕಾರ್ಡಿನಲ್ಲಿ ಉಳಿಯುವ ದಾರಿ ಒಂದೇ, ಫೋಟೊ ದೊಡ್ಡದು ಮಾಡಿ, ಸ್ಕೇಲ್ ಇಟ್ಟು, ಆ ಎರಡು ಸಾಲನ್ನು ಮತ್ತೆ ಓದುವುದು. ಪಕ್ಕಪಕ್ಕದ ಎರಡು ಸಾಲಿನಲ್ಲಿ ರನ್ ಒಂದೇ ಇದ್ದರೆ, ಅಥವಾ ಔಟಾದ ಬಗೆ ಒಂದೇ ಇದ್ದರೆ, ಅಲ್ಲಿ ಲೆಕ್ಕ ನಮ್ಮ ಕೈಹಿಡಿಯುವುದಿಲ್ಲ ಎಂದು ಮೊದಲೇ ಗುರುತಿಸಿಕೊಂಡು ಎರಡು ಸಲ ಕಣ್ಣಿಡಬೇಕು.

ಓದಲಾಗದ ಅಂಕಿ

ಫೋಟೊದಲ್ಲಿ ಬೆಳಕು ಹೊಡೆದು ಅಥವಾ ಮಡಿಕೆ ಬಿದ್ದು ಒಂದು ಅಂಕಿ ಹಾಳಾಗಿರುತ್ತದೆ. ಕಿರ್ಮಾನಿಯ ಎಸೆತ 5ರಿಂದ ಶುರುವಾಗುತ್ತದೆ, ಮುಂದಿನದು ಕಾಣುವುದಿಲ್ಲ ಎಂದಿಟ್ಟುಕೊಳ್ಳಿ. ಉಳಿದ ಒಂಬತ್ತು ಜನರ ಎಸೆತ ಕೂಡಿದರೆ 304. 360ರಲ್ಲಿ ಕಳೆದರೆ 56. ಒಂದು ಕಾಲಂನಲ್ಲಿ ಒಂದೇ ಅಂಕಿ ಹೋಗಿದ್ದರೆ ಹೀಗೆ ತುಂಬಬಹುದು. ಎರಡು ಹೋಗಿದ್ದರೆ ಅವುಗಳ ಮೊತ್ತ ಮಾತ್ರ ಸಿಗುತ್ತದೆ, ಯಾರಿಗೆ ಎಷ್ಟೆಂದು ಸಿಗುವುದಿಲ್ಲ. ಅಲ್ಲಿ ಅಂದಾಜಿನಿಂದ ಹಂಚುವುದು ಬೇಡ, ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಿಡಿ. ಲೆಕ್ಕದಿಂದ ತುಂಬಿದ ಅಂಕಿಯ ಪಕ್ಕದಲ್ಲೂ ‘ಲೆಕ್ಕದಿಂದ’ ಎಂದು ಬರೆದಿಡಿ. ಏಕೆಂದರೆ ಹಾಗೆ ತುಂಬಿದ ಮೇಲೆ ಆ ಕಾಲಂನ ಮೊತ್ತ ತಾನಾಗಿಯೇ ಸರಿಹೋಗುತ್ತದೆ, ಬೇರೆ ಸಾಲಿನಲ್ಲಿ ತಪ್ಪಿದ್ದರೂ ಇನ್ನು ಅದು ಮೊತ್ತದಲ್ಲಿ ಕಾಣುವುದಿಲ್ಲ. ಸಾಕ್ಷಿಯಾಗಿದ್ದ ಮೊತ್ತವನ್ನು ನಾವು ಖರ್ಚು ಮಾಡಿಯಾಗಿರುತ್ತದೆ.

ಬರೆದ ಸಾಲುಗಳ ಜೊತೆ ಮೂಲ ಫೋಟೊವನ್ನೂ ಇಟ್ಟುಕೊಳ್ಳುವುದು ಇದೇ ಕಾರಣಕ್ಕೆ. ಬಿನ್ನಿ ಮತ್ತು ಶಾಸ್ತ್ರಿಯ ಸಾಲನ್ನು ಲೆಕ್ಕದಿಂದ ಬಿಡಿಸಬಹುದು. ಗಾವಸ್ಕರ್ ಮತ್ತು ಶ್ರೀಕಾಂತ್ ಅವರ ಎಸೆತವನ್ನು ನಾಳೆ ಯಾರಾದರೂ ಪ್ರಶ್ನಿಸಿದರೆ ಉತ್ತರ ಇರುವುದು ಫೋಟೊದಲ್ಲಿ ಮಾತ್ರ.